ಮೈನಸ್ ಎರಡು ರೂಪಾಯಿಯ ಕಾಲ್ ಆಪ್ಷನ್: ಒಂದು ಲೆಕ್ಕದ ಹಾಳೆಯ ದುರಸ್ತಿ

ಕಾಲ್ ಆಪ್ಷನ್‌ನ ಬೆಲೆ ಎಷ್ಟೇ ಕಡಿಮೆಯಾದರೂ ಸೊನ್ನೆಗಿಂತ ಕೆಳಗೆ ಇಳಿಯಲಾರದು. ಅದು ಷೇರನ್ನು ಒಂದು ನಿಗದಿತ ಬೆಲೆಗೆ ಕೊಳ್ಳುವ ಹಕ್ಕೇ ಹೊರತು ಕೊಳ್ಳಲೇಬೇಕೆಂಬ ಬಾಧ್ಯತೆಯಲ್ಲ. ಲಾಭವಿಲ್ಲದಿದ್ದರೆ ಸುಮ್ಮನೆ ಬಿಟ್ಟರಾಯಿತು. ಹೀಗಿರುವಾಗ ನಾನು ಕಟ್ಟಿದ ಸ್ಪ್ರೆಡ್‌ಶೀಟ್ ಒಂದು ಸಂಜೆ ಮೈನಸ್ 2.29 ರೂಪಾಯಿ ಎಂಬ ಉತ್ತರವನ್ನು ಕೊಟ್ಟಿತು. ಅದಕ್ಕೂ ಮೊದಲು ಎರಡು ವಾರ ಅದೇ ಹಾಳೆ ನಂಬಬಹುದಾದ ಉತ್ತರಗಳನ್ನೇ ಕೊಡುತ್ತಿತ್ತು; ನಾನು ಅಳವಡಿಸಿದ್ದ ತಾಳೆಯೂ ಪೈಸೆಗೆ ಪೈಸೆ ಹೊಂದುತ್ತಿತ್ತು. ತಪ್ಪು ಎಲ್ಲಿತ್ತು, ಅಷ್ಟು ದಿನ ಹೇಗೆ ಅಡಗಿಕೊಂಡಿತ್ತು ಮತ್ತು ಅದನ್ನು ಹಿಡಿಯುವ ತಾಳೆ ಯಾವುದು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬಳಸಿದ ಸೂತ್ರ 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಪ್ರಕಟಿಸಿದ್ದು; ಅದೇ ವರ್ಷ ರಾಬರ್ಟ್ ಮರ್ಟನ್ ಅದನ್ನು ಇನ್ನೊಂದು ದಾರಿಯಿಂದ ಬಲಪಡಿಸಿದರು. ಅವಧಿಯ ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಆಪ್ಷನ್‌ಗೆ ಇದು ಹೊಂದುತ್ತದೆ. ನಮ್ಮ ಎನ್‌ಎಸ್‌ಇ ಪರದೆಯಲ್ಲಿ ಕಾಣುವ CE ಎಂಬ ಎರಡಕ್ಷರದಲ್ಲಿ E ಎಂದರೆ ಇದೇ ಯುರೋಪಿಯನ್ ಬಗೆ. ಬಿಡಿ ಷೇರುಗಳ ಆಪ್ಷನ್‌ಗಳು 2011ಕ್ಕೆ ಮುಂಚೆ ಅಮೆರಿಕನ್ ಬಗೆಯವಾಗಿದ್ದು, ಯಾವ ದಿನ ಬೇಕಾದರೂ ಚಲಾಯಿಸಬಹುದಾಗಿತ್ತು. ಆಗ ಅವು CA ಎಂದು ಕಾಣಿಸುತ್ತಿದ್ದವು.

ಸೂತ್ರದ ಅಡಿಪಾಯವಾಗಿರುವ ಮುಖ್ಯ ಊಹೆ ಇದು. ಷೇರಿನ ಬೆಲೆಯಲ್ಲ, ಬೆಲೆಯ ಲಾಗರಿದಮ್ ಗಂಟೆಯಾಕಾರದ ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸುತ್ತದೆ. ಬೆಲೆಗಳು ಕೂಡುತ್ತಾ ಕಳೆಯುತ್ತಾ ಹೋಗುವುದಿಲ್ಲ, ಶೇಕಡಾವಾರು ಗುಣಿಸುತ್ತಾ ಹೋಗುತ್ತವೆ ಎಂಬುದೇ ಇದರ ಹಿಂದಿನ ವಿಚಾರ. ಹಾಗಾಗಿ ಬೆಲೆ ಎಷ್ಟು ಬಿದ್ದರೂ ಸೊನ್ನೆಯನ್ನು ದಾಟಿ ಕೆಳಗೆ ಹೋಗುವುದಿಲ್ಲ, ಮೇಲಕ್ಕೆ ಮಾತ್ರ ಉದ್ದನೆಯ ಬಾಲ ಚಾಚಿಕೊಳ್ಳುತ್ತದೆ. ಇದರ ಜೊತೆಗೆ, ಲೆಕ್ಕದ ಮಟ್ಟಿಗೆ ಷೇರು ಸರಾಸರಿಯಲ್ಲಿ ಅಪಾಯವಿಲ್ಲದ ಬಡ್ಡಿಯಷ್ಟೇ ಬೆಳೆಯುತ್ತದೆ ಎಂದು ಇಟ್ಟುಕೊಳ್ಳುತ್ತೇವೆ. ಆಪ್ಷನ್ ಮಾರಿದವನು ಷೇರನ್ನೇ ತಕ್ಕ ಪ್ರಮಾಣದಲ್ಲಿ ಕೊಂಡಿಟ್ಟು ಅಪಾಯವನ್ನು ಅಳಿಸಿಕೊಳ್ಳಬಲ್ಲನಾದ್ದರಿಂದ, ಷೇರು ನಿಜವಾಗಿ ಎಷ್ಟು ಬೆಳೆಯುತ್ತದೆ ಎಂಬ ಪ್ರಶ್ನೆ ಆಪ್ಷನ್ ಬೆಲೆಯಿಂದ ಬಿದ್ದುಹೋಗುತ್ತದೆ.

ನಾನು ಪರೀಕ್ಷೆಗೆ ಇಟ್ಟುಕೊಂಡದ್ದು ಕಾಲ್ಪನಿಕ ಷೇರು: ಇಂದಿನ ಬೆಲೆ 1480 ರೂಪಾಯಿ, ಕೊಳ್ಳಲು ನಿಗದಿಯಾದ ಬೆಲೆ, ಅಂದರೆ ಸ್ಟ್ರೈಕ್, 1500, ವಾರ್ಷಿಕ ಬಡ್ಡಿ ಶೇ. 6.5, ಷೇರಿನ ಏರಿಳಿತದ ಅಳತೆಯಾದ ವಾರ್ಷಿಕ ವೊಲಟಿಲಿಟಿ ಶೇ. 25, ಅವಧಿ ಮುಗಿಯುವ ಎಕ್ಸ್‌ಪೈರಿಗೆ ಉಳಿದದ್ದು 73 ದಿನ. 73 ದಿನವನ್ನು ಆರಿಸಿದ್ದು ಸೋಮಾರಿತನದಿಂದ. ಅದು ವರ್ಷದ ಸರಿಯಾಗಿ ಐದನೆಯ ಒಂದು ಭಾಗ, ಅಂದರೆ 0.2. ನಡುವೆ ಡಿವಿಡೆಂಡ್ ಇಲ್ಲ. ಹಾಳೆ ಹೀಗಿತ್ತು:

```
B2  1480
B3  1500
B4  0.065
B5  0.25
B6  73
B7  =B6/365
B8  =B5*SQRT(B7)
B9  =(LOG(B2/B3)+(B4+B5^2/2)*B7)/B8
B10 =B9-B8
B11 =B2*NORMSDIST(B9)-B3*EXP(-B4*B7)*NORMSDIST(B10)
```

B9ರಲ್ಲಿ ಇರುವುದು d1, B10ರಲ್ಲಿ d2, B11ರಲ್ಲಿ ಕಾಲ್‌ನ ಬೆಲೆ. ಈ ಹಾಳೆ 65.53 ಎಂದಿತು. ಕೆಳಗಿನ ಎರಡು ಕೋಶಗಳಲ್ಲಿ ನಾನು ಅದೇ ಸ್ಟ್ರೈಕ್‌ಗೆ ಷೇರನ್ನು ಮಾರುವ ಹಕ್ಕಾದ ಪುಟ್ ಆಪ್ಷನ್‌ನ ಬೆಲೆಯನ್ನೂ ಲೆಕ್ಕ ಹಾಕಿ, ಪುಟ್-ಕಾಲ್ ಪ್ಯಾರಿಟಿಯನ್ನು ತಾಳೆ ನೋಡುತ್ತಿದ್ದೆ: ಕಾಲ್‌ನಿಂದ ಪುಟ್ ಕಳೆದರೆ ಉಳಿಯುವುದು, ಇಂದಿನ ಷೇರು ಬೆಲೆಯಿಂದ ಸ್ಟ್ರೈಕ್‌ನ ಇಂದಿನ ಮೌಲ್ಯವನ್ನು ಕಳೆದಷ್ಟೇ ಆಗಬೇಕು. ವ್ಯತ್ಯಾಸ ಪ್ರತಿ ಬಾರಿಯೂ ಸೊನ್ನೆ. ಅದನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದೆ.

ಸ್ಟ್ರೈಕ್ ಅನ್ನು 1700ಕ್ಕೆ ಬದಲಿಸಿದಾಗ ಮೈನಸ್ 2.29 ಬಂತು. ಆಗಲೂ ಪ್ಯಾರಿಟಿಯ ಕೋಶದಲ್ಲಿ ಸೊನ್ನೆಯೇ ಇತ್ತು!

ಮೊದಲು ಕಾಗದದ ಮೇಲೆ ಕೈಯಲ್ಲೇ ಲೆಕ್ಕ ಹಾಕಿದೆ. ಸ್ಟ್ರೈಕ್ 1500ರದ್ದನ್ನೇ ತೆಗೆದುಕೊಂಡರೆ ಹೆಜ್ಜೆಗಳು ಇವು. 1480ನ್ನು 1500ರಿಂದ ಭಾಗಿಸಿದರೆ 0.98667, ಅದರ ಸ್ವಾಭಾವಿಕ ಲಾಗರಿದಮ್ −0.01342. ವೊಲಟಿಲಿಟಿಯ ವರ್ಗದ ಅರ್ಧ 0.03125, ಅದಕ್ಕೆ ಬಡ್ಡಿ 0.065 ಕೂಡಿಸಿದರೆ 0.09625, ಕಾಲ 0.2ರಿಂದ ಗುಣಿಸಿದರೆ 0.01925. ಎರಡನ್ನೂ ಕೂಡಿಸಿದಾಗ ಮೇಲಿನ ಅಂಶ 0.00583. ಕೆಳಗಿನ ಛೇದ 0.25ನ್ನು 0.2ರ ವರ್ಗಮೂಲದಿಂದ ಗುಣಿಸಿದ 0.11180. ಭಾಗಿಸಿದಾಗ d1 = 0.0521; ಅದರಿಂದ ಅದೇ ಛೇದವನ್ನು ಕಳೆದಾಗ d2 = −0.0597.

ಹಾಳೆಯ B9 ಕೋಶದಲ್ಲಿ ಇದ್ದದ್ದು 0.1200. ಅಲ್ಲಿಗೆ ಕಳ್ಳ ಸಿಕ್ಕಿಬಿದ್ದ. ಸ್ಪ್ರೆಡ್‌ಶೀಟ್‌ನಲ್ಲಿ `LOG` ಎಂದಷ್ಟೇ ಬರೆದರೆ ಅದು ಹತ್ತರ ಆಧಾರದ ಲಾಗರಿದಮ್. ಸ್ವಾಭಾವಿಕ ಲಾಗರಿದಮ್‌ಗೆ `LN` ಬರೆಯಬೇಕು. ನಾನು ಸೂತ್ರವನ್ನು ತಂದದ್ದು ಒಂದು ಹಳೆಯ ಪೈಥಾನ್ ಪ್ರೋಗ್ರಾಮಿನಿಂದ, ಅಲ್ಲಿ `log` ಎಂದರೆ ಸ್ವಾಭಾವಿಕವೇ. ಎರಡು ಅಕ್ಷರದ ದುರಸ್ತಿ:

```
B9  =(LN(B2/B3)+(B4+B5^2/2)*B7)/B8
```

ಇದಾದ ಮೇಲೆ ಉಳಿದದ್ದನ್ನು ಮುಗಿಸೋಣ. d1ರ ಎಡಕ್ಕಿರುವ ಗಂಟೆಯ ಪಾಲು, ಅಂದರೆ N(d1), 0.52078. N(d2) ಆದರೋ 0.47620. ಸ್ಟ್ರೈಕ್ 1500ರ ಇಂದಿನ ಮೌಲ್ಯ, 73 ದಿನದ ಬಡ್ಡಿಯನ್ನು ಕಳೆದಾಗ, 1480.63. ಮೊದಲ ಪದ 1480 × 0.52078 = 770.76, ಎರಡನೆಯ ಪದ 1480.63 × 0.47620 = 705.08. ಕಾಲ್‌ನ ಬೆಲೆ 65.68 ರೂಪಾಯಿ. ಸ್ಟ್ರೈಕ್ 1700ಕ್ಕೆ ಇದೇ ಹಾಳೆ ಈಗ 11.53 ಎನ್ನುತ್ತದೆ.

ದುರಸ್ತಿ ಇಲ್ಲಿಗೆ ಮುಗಿಯಿತು ಎಂದು ಬಿಡಬಹುದಿತ್ತು. ಆದರೆ ನನ್ನನ್ನು ಕಾಡಿದ್ದು ಬೇರೆ. d1 ತನ್ನ ನಿಜವಾದ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು, d2ರ ಚಿಹ್ನೆಯೇ ಬದಲಾಗಿತ್ತು. ಆದರೂ 1500ರ ಸ್ಟ್ರೈಕ್‌ನಲ್ಲಿ ಉತ್ತರ ಕೇವಲ 15 ಪೈಸೆ ತಪ್ಪಿತ್ತು. ಇಷ್ಟು ದೊಡ್ಡ ತಪ್ಪು ಇಷ್ಟು ಸಣ್ಣ ಗುರುತನ್ನು ಬಿಟ್ಟದ್ದು ಹೇಗೆ?

ಉತ್ತರ d2ರ ಅರ್ಥದಲ್ಲಿದೆ. 73 ದಿನದ ನಂತರದ ಷೇರು ಬೆಲೆಯ ಲಾಗರಿದಮ್, ಪ್ರಮಾಣಿತ ವಿಚಲನೆ 0.1118 ಇರುವ ಗಂಟೆ. ಆ ಬೆಲೆಗಳ ಸರಾಸರಿ 1499.37, ಆದರೆ ಅವುಗಳ ಮಧ್ಯಾಂಕ, ಅಂದರೆ ಅರ್ಧ ಸಾಧ್ಯತೆಗಳು ಮೇಲೆ ಮತ್ತು ಅರ್ಧ ಕೆಳಗೆ ಇರುವ ಬೆಲೆ, 1490.02 ಮಾತ್ರ, ಮೇಲಿನ ಉದ್ದ ಬಾಲವು ಸರಾಸರಿಯನ್ನು ತನ್ನತ್ತ ಎಳೆದಿರುತ್ತದೆ. d2 ಎಂಬುದು ಸ್ಟ್ರೈಕ್‌ನಿಂದ ಈ ಮಧ್ಯಾಂಕದವರೆಗಿನ ದೂರವನ್ನು ವಿಚಲನೆಯ ಅಳತೆಗೋಲಿನಲ್ಲಿ ಅಳೆದದ್ದು. ಮಧ್ಯಾಂಕ 1500ಕ್ಕಿಂತ ಕೆಳಗಿರುವುದರಿಂದಲೇ d2 ಋಣಾತ್ಮಕವಾಗಿದ್ದು, ಆಪ್ಷನ್ ಚಲಾಯಿಸಲು ಯೋಗ್ಯವಾಗುವ ಸಂಭವನೀಯತೆ N(d2) ಅರ್ಧಕ್ಕಿಂತ ತುಸು ಕಡಿಮೆ, ಶೇ. 47.6.

ಈಗ ತಪ್ಪು ಹಾಳೆಯನ್ನು ಹಿಂದಿನಿಂದ ಓದಿದರೆ, ಅದು ಅರ್ಥವಿಲ್ಲದ ಸಂಖ್ಯೆಯನ್ನೇನೂ ಕೊಡುತ್ತಿರಲಿಲ್ಲ. d1 ಮತ್ತು d2 ಎರಡೂ ಒಟ್ಟಿಗೇ ಸರಿದಿದ್ದವು, ಅವುಗಳ ನಡುವಿನ ಅಂತರ 0.1118 ಹಾಗೆಯೇ ಇತ್ತು. ಹಾಗೆ ಸರಿದಾಗ ಸೂತ್ರವು ಬೇರೊಂದು ಒಪ್ಪಂದದ ಸರಿಯಾದ ಬೆಲೆಯನ್ನು ಹೇಳುತ್ತದೆ: ಷೇರು 1500ನ್ನು ದಾಟಿದಾಗಲ್ಲ, 1488.65ನ್ನು ದಾಟಿದಾಗಲೇ 1500 ಕೊಟ್ಟು ಕೊಳ್ಳಲೇಬೇಕಾದ ಒಪ್ಪಂದ ಅದು. 1488.65ರಿಂದ 1500ರವರೆಗಿನ ಸಣ್ಣ ಪಟ್ಟಿಯಲ್ಲಿ ಹಿಡಿದಾತನಿಗೆ ಹೆಚ್ಚೆಂದರೆ 11.35 ರೂಪಾಯಿ, ಸರಾಸರಿ ಅದರ ಅರ್ಧದಷ್ಟು ನಷ್ಟ, ಷೇರು ಆ ಪಟ್ಟಿಯೊಳಗೇ ಬಂದು ನಿಲ್ಲುವ ಸಾಧ್ಯತೆಯೂ ಕಡಿಮೆ. ಸರಾಸರಿ ನಷ್ಟವನ್ನು ಆ ಸಾಧ್ಯತೆಯಿಂದ ಗುಣಿಸಿದರೆ ಸುಮಾರು ಹದಿನೈದು ಪೈಸೆ. ಸ್ಟ್ರೈಕ್ 1700 ಆದಾಗ ಅದೇ ತಪ್ಪು ಗಡಿಯನ್ನು 1571.81ಕ್ಕೆ ಇಳಿಸಿತು. 1572 ರೂಪಾಯಿಯ ಷೇರಿಗೆ 1700 ತೆರಲೇಬೇಕೆಂಬ ಒಪ್ಪಂದವನ್ನು ಪುಕ್ಕಟೆ ಕೊಟ್ಟರೂ ಯಾರು ತಾನೆ ತೆಗೆದುಕೊಳ್ಳುತ್ತಾರೆ? ಮೈನಸ್ 2.29ರ ಗುಟ್ಟು ಇಷ್ಟೇ.

ಸರಿಯಾದ ಗಡಿ ಯಾವುದೆಂದರೆ ಒಪ್ಪಂದದ ಬೆಲೆಯನ್ನು ಅತಿ ಹೆಚ್ಚು ಮಾಡುವ ಗಡಿ. ಗುಡ್ಡದ ನೆತ್ತಿಯಲ್ಲಿ ನಿಂತವನು ಒಂದು ಹೆಜ್ಜೆ ಆಚೀಚೆ ಇಟ್ಟರೂ ಎತ್ತರ ಹೆಚ್ಚೇನೂ ಬದಲಾಗದಂತೆ, ಗಡಿ ಸ್ವಲ್ಪ ಸರಿದರೆ ಬೆಲೆ ಅಷ್ಟಾಗಿ ಅಲುಗುವುದಿಲ್ಲ, ಅಲುಗಿದರೂ ಕೆಳಕ್ಕೇ ಹೋಗುತ್ತದೆ. ಇದರಿಂದ ಕೈಗೆ ಸಿಗುವ ಒಂದು ಗುರುತು ಇದೆ: d1 ಮತ್ತು d2 ಒಂದೇ ಅಳತೆಯಲ್ಲಿ ಸರಿಯುವ ಯಾವ ತಪ್ಪೇ ಆದರೂ ಕಾಲ್‌ನ ಬೆಲೆಯನ್ನು ಕಡಿಮೆಯೇ ತೋರಿಸುತ್ತದೆ, ಎಂದೂ ಹೆಚ್ಚಾಗಿ ತೋರಿಸುವುದಿಲ್ಲ.

ಹದಿನೈದು ಪೈಸೆಯ ತಪ್ಪು ತಾನೇ ಎಂದು ಬಿಡುವಂತೆಯೂ ಇಲ್ಲ. N(d1) ಎಂಬುದು ಆಪ್ಷನ್ ಮಾರಿದವನು ಅಪಾಯ ಅಳಿಸಿಕೊಳ್ಳಲು ಪ್ರತಿ ಆಪ್ಷನ್‌ಗೆ ಕೊಂಡಿಡಬೇಕಾದ ಷೇರಿನ ಪಾಲು. ಸಾವಿರ ಷೇರುಗಳ ಮೇಲೆ ಕಾಲ್ ಮಾರಿದವನಿಗೆ ಸರಿಯಾದ ಹಾಳೆ 521 ಷೇರು ಕೊಳ್ಳಲು ಹೇಳುತ್ತದೆ. ನನ್ನ ತಪ್ಪು ಹಾಳೆ 548 ಎನ್ನುತ್ತಿತ್ತು. ಬೆಲೆ ನೆತ್ತಿಯ ಮೇಲೆ ಅಡಗಿಸಿಟ್ಟ ತಪ್ಪನ್ನು ಈ ಸಂಖ್ಯೆ ಅಡಗಿಸುವುದಿಲ್ಲ.

ಪ್ಯಾರಿಟಿ ಏಕೆ ಕುರುಡಾಯಿತು ಎಂಬುದಕ್ಕೆ ಕಾರಣ ಇನ್ನೂ ಸರಳ. ಪುಟ್‌ನ ಸೂತ್ರದಲ್ಲಿ ಬರುವುದು N(−d1) ಮತ್ತು N(−d2). ಯಾವ ಸಂಖ್ಯೆಗಾದರೂ ಗಂಟೆಯ ಎಡಪಾಲು ಮತ್ತು ಬಲಪಾಲು ಕೂಡಿದರೆ ಸರಿಯಾಗಿ 1. ಹಾಗಾಗಿ B9ರಲ್ಲಿ d1ರ ಬದಲು ನನ್ನ ಚಪ್ಪಲಿಯ ಅಳತೆಯನ್ನು ಬರೆದಿದ್ದರೂ ಕಾಲ್‌ನಿಂದ ಪುಟ್ ಕಳೆದಾಗ ಪ್ಯಾರಿಟಿ ತಾಳೆಯಾಗುತ್ತಿತ್ತು. ಪೇಟೆಯ ಬೆಲೆಗಳನ್ನು ಪರೀಕ್ಷಿಸಲು ಪ್ಯಾರಿಟಿ ಒಳ್ಳೆಯ ಸಾಧನ. ಒಂದೇ d1, d2ಗಳಿಂದ ಎರಡೂ ಬೆಲೆಗಳನ್ನು ಹುಟ್ಟಿಸಿದ ಹಾಳೆಯಲ್ಲಿ ಅದು ಬಡ್ಡಿಯ ಪದ ಮತ್ತು ಚಿಹ್ನೆಗಳು ಎರಡೂ ಕಡೆ ಒಂದೇ ಆಗಿವೆ ಎನ್ನುವುದನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ.

ಅದರ ಬದಲಿಗೆ ನಾನು ಹಾಕಿದ ತಾಳೆ ಗಡಿಯನ್ನೇ ನೇರವಾಗಿ ಪರೀಕ್ಷಿಸುತ್ತದೆ. ನೆತ್ತಿಯಲ್ಲಿ ಇಳಿಜಾರು ಸೊನ್ನೆಯಾಗಬೇಕು ಎಂಬುದನ್ನು ಬಿಡಿಸಿ ಬರೆದರೆ ಸಿಗುವುದು ಇದು:

```
B14 =B2*EXP(-(B9^2)/2)-B3*EXP(-B4*B7)*EXP(-(B10^2)/2)
```

ಸರಿಯಾದ ಹಾಳೆಯಲ್ಲಿ, ದಶಮಾಂಶದ ಕೊನೆಯ ಧೂಳನ್ನು ಬಿಟ್ಟರೆ, ಇದು ಸೊನ್ನೆ. `LOG` ಇದ್ದ ಹಾಳೆಯಲ್ಲಿ, ಬೆಲೆ ಹದಿನೈದು ಪೈಸೆಯಷ್ಟೇ ತಪ್ಪಿದ್ದ ಅದೇ 1500ರ ಸ್ಟ್ರೈಕ್‌ನಲ್ಲಿ, ಇದು −11.20 ಎಂದು ಕೂಗುತ್ತದೆ. ಆ ಸಂಖ್ಯೆ ತಪ್ಪು ಗಡಿಯಲ್ಲಿ ಆಗುವ 11.35 ರೂಪಾಯಿ ನಷ್ಟದ ಹೆಚ್ಚುಕಡಿಮೆ ಇಂದಿನ ಮೌಲ್ಯವೇ. ಮೊದಲ ದಿನವೇ ಈ ಕೋಶವಿದ್ದಿದ್ದರೆ ಎರಡು ವಾರ ಉಳಿಯುತ್ತಿತ್ತು.

ಸೂತ್ರವನ್ನೇ ಬಳಸದ ಇನ್ನೊಂದು ಪರೀಕ್ಷೆಯನ್ನೂ ಮಾಡಿಕೊಂಡೆ. ಗಂಟೆಯನ್ನು 0.001 ಅಗಲದ ಪಟ್ಟಿಗಳಾಗಿ ಕತ್ತರಿಸಿ, ಪ್ರತಿ ಪಟ್ಟಿಯಲ್ಲೂ ಷೇರು ಬೆಲೆ ಎಷ್ಟು, ಆಗ ಆಪ್ಷನ್ ತರುವುದು ಎಷ್ಟು ಎಂದು ಕೂಡಿಸುವುದು:

```python
from math import exp, sqrt, pi
S, K, r, v, T = 1480, 1500, 0.065, 0.25, 0.2
h, total = 0.001, 0.0
for i in range(-8000, 8000):
    z = (i + 0.5) * h
    ST = S * exp((r - v*v/2)*T + v*sqrt(T)*z)
    total += max(ST - K, 0) * exp(-z*z/2) / sqrt(2*pi) * h
print(round(exp(-r*T) * total, 2))
```

ಇದು 65.68 ಮುದ್ರಿಸುತ್ತದೆ. ಇಲ್ಲಿ d1 ಇಲ್ಲ, d2 ಇಲ್ಲ, ಲಾಗರಿದಮ್ ಸಹ ಇಲ್ಲ; ಇರುವುದು ಲಾಗ್‌ನಾರ್ಮಲ್ ಬೆಲೆಯ ಊಹೆ ಮಾತ್ರ. ಹಾಗಾಗಿ ಹಾಳೆಯ ತಪ್ಪು ಇಲ್ಲಿಗೆ ನುಸುಳಲು ದಾರಿಯಿಲ್ಲ. ಬೆಳವಣಿಗೆಯ ಪದದಲ್ಲಿ v*v/2ನ್ನು ಕಳೆದಿರುವುದನ್ನು ಗಮನಿಸಬೇಕು. ಅದನ್ನು ಮರೆತರೆ ಷೇರು ಸರಾಸರಿಯಲ್ಲಿ ಬಡ್ಡಿಗಿಂತ ವೇಗವಾಗಿ ಬೆಳೆದಂತಾಗುತ್ತದೆ. ಆಗ ST ಬೆಲೆಗಳ ಸರಾಸರಿ 1499.37ರಲ್ಲಿ ನಿಲ್ಲುವುದಿಲ್ಲ.

ಎರಡನೆಯ ಬಗೆಯ ತಪ್ಪು d1 ಮತ್ತು d2ರ ನಡುವಿನ ಅಂತರವನ್ನೇ ಕೆಡಿಸುವುದು. B10ರಲ್ಲಿ ಕಾಲದ ವರ್ಗಮೂಲದ ಬದಲು ಕಾಲವನ್ನೇ ಬಳಸಿ ಬೇಕೆಂದೇ ಕೆಡಿಸಿ ನೋಡಿದೆ: 0.1118ರ ಬದಲು 0.05 ಕಳೆದಾಗ ಕಾಲ್‌ನ ಬೆಲೆ 65.68ರಿಂದ 29.19ಕ್ಕೆ ಕುಸಿಯಿತು. ಈ ತಪ್ಪು ನೆತ್ತಿಯ ಹಿಂದೆ ಅಡಗುವುದಿಲ್ಲ. ಇದನ್ನು ಹಿಡಿಯಲು ಬಾಯಿಲೆಕ್ಕವೇ ಸಾಕು. ಸ್ಟ್ರೈಕ್‌ನ ಇಂದಿನ ಮೌಲ್ಯವು ಷೇರಿನ ಬೆಲೆಗೆ ಹತ್ತಿರವಿದ್ದಾಗ ಕಾಲ್‌ನ ಬೆಲೆ ಸರಿಸುಮಾರು 0.4 × ಷೇರು ಬೆಲೆ × B8. ನಮ್ಮ ಉದಾಹರಣೆಯಲ್ಲಿ ಎರಡೂ 1480ರ ಆಸುಪಾಸಿನಲ್ಲೇ ಇವೆ, ಬಾಯಿಲೆಕ್ಕ 66.2 ಎನ್ನುತ್ತದೆ. ಹಾಳೆ 29 ಎಂದರೆ ಎಲ್ಲೋ ಎಡವಿದೆ.

ಇಷ್ಟು ತಾಳೆಗಳಿದ್ದರೂ ಹಿಡಿಯಲಾಗದ ತಪ್ಪುಗಳು ಉಳಿದೇ ಇರುತ್ತವೆ, ಅವು ಒಳಗೆ ಹಾಕುವ ಸಂಖ್ಯೆಗಳವು. ವೊಲಟಿಲಿಟಿಯನ್ನು 0.25 ಎಂದು ಬರೆಯುವ ಬದಲು 25 ಎಂದು ಬರೆದರೆ B14 ಸೊನ್ನೆಯನ್ನೇ ತೋರಿಸುತ್ತದೆ. ಕಾಲ್‌ನ ಬೆಲೆ ಮಾತ್ರ ಹೆಚ್ಚುಕಡಿಮೆ ಷೇರಿನ ಪೂರ್ತಿ ಬೆಲೆಯಷ್ಟು, 1480ರ ಹತ್ತಿರ ಹೋಗಿ ನಿಲ್ಲುತ್ತದೆ, ಆದ್ದರಿಂದ ಅದು ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ್ದು ದಿನಗಳ ಎಣಿಕೆ. ವೊಲಟಿಲಿಟಿಯನ್ನು ನಾನು ದೈನಂದಿನ ಮುಕ್ತಾಯ ಬೆಲೆಗಳಿಂದ ಲೆಕ್ಕ ಹಾಕುತ್ತೇನೆ: ಇಂದಿನ ಬೆಲೆಯನ್ನು ನಿನ್ನೆಯದರಿಂದ ಭಾಗಿಸಿ ಸ್ವಾಭಾವಿಕ ಲಾಗರಿದಮ್ ತೆಗೆದು, ಆ ಸಂಖ್ಯೆಗಳ ಪ್ರಮಾಣಿತ ವಿಚಲನೆಯನ್ನು ವರ್ಷದ ವಹಿವಾಟಿನ ದಿನಗಳ ವರ್ಗಮೂಲದಿಂದ ಗುಣಿಸುವುದು. ದಿನಕ್ಕೆ ಶೇ. 1.575 ಬಂದರೆ, ರೂಢಿಯ 252 ದಿನಗಳ ಲೆಕ್ಕದಲ್ಲಿ ವರ್ಷಕ್ಕೆ ಶೇ. 25. ಅಲ್ಲಿ ಕೈತಪ್ಪಿ 365 ಬಳಸಿದರೆ ಶೇ. 30 ಆಗುತ್ತದೆ, ಅದೂ ನಂಬುವಂಥ ಸಂಖ್ಯೆಯೇ. ನಮ್ಮ ಆಪ್ಷನ್‌ನಲ್ಲಿ ವೊಲಟಿಲಿಟಿ ಶೇ. 25ರಿಂದ 26ಕ್ಕೆ ಏರಿದರೆ ಬೆಲೆ ಸುಮಾರು 2.64 ರೂಪಾಯಿ ಏರುವುದರಿಂದ, ಆ ಒಂದು ತಪ್ಪಿಗೆ ಹದಿಮೂರು ರೂಪಾಯಿಯ ದಂಡ. `LOG`ನಿಂದ ಆದ ಹದಿನೈದು ಪೈಸೆಯ ಮುಂದೆ ಇದನ್ನಿಟ್ಟು ನೋಡಿದರೆ, ನಾನು ಸಮಯ ಕಳೆದದ್ದು ಸಣ್ಣ ತಪ್ಪಿನ ಮೇಲೆಯೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಪೇಟೆಯ ಬೆಲೆಗೆ ಈ ಹಾಳೆ ಎಲ್ಲ ಸ್ಟ್ರೈಕ್‌ಗಳಲ್ಲೂ ಹೊಂದುವುದಿಲ್ಲ, ಅದು ದುರಸ್ತಿಯ ತಪ್ಪಲ್ಲ. ಪೇಟೆಯ ಪ್ರೀಮಿಯಂನಿಂದ ಹಿಂದಕ್ಕೆ ಲೆಕ್ಕ ಹಾಕಿ ವೊಲಟಿಲಿಟಿಯನ್ನು ತೆಗೆದರೆ ಒಂದೊಂದು ಸ್ಟ್ರೈಕ್‌ಗೂ ಒಂದೊಂದು ಬೆಲೆ ಬರುತ್ತದೆ. ನಿಜವಾದ ಷೇರುಗಳು ಲಾಗ್‌ನಾರ್ಮಲ್ ಗಂಟೆ ಹೇಳುವುದಕ್ಕಿಂತ ಹೆಚ್ಚು ಬಾರಿ ದಿಢೀರನೆ ಜಿಗಿಯುತ್ತವೆ, ಕುಸಿಯುತ್ತವೆ. ಆದ್ದರಿಂದ ನಾನು B5ರಲ್ಲಿ ಒಂದೇ ಸಂಖ್ಯೆಯನ್ನು ಎಲ್ಲ ಸ್ಟ್ರೈಕ್‌ಗಳಿಗೂ ಹಂಚುವುದನ್ನು ಬಿಟ್ಟು, ಪ್ರತಿ ಸಾಲಿಗೂ ಅದರದೇ ವೊಲಟಿಲಿಟಿಯ ಕೋಶವನ್ನು ಇಟ್ಟಿದ್ದೇನೆ.

ಕೊನೆಯದಾಗಿ ಸೇರಿಸಿದ ಕೋಶ ಡಿವಿಡೆಂಡ್‌ನದು. ಎಕ್ಸ್‌ಪೈರಿಗೆ ಮುಂಚೆ ಷೇರು ಎಕ್ಸ್-ಡಿವಿಡೆಂಡ್ ಆಗುವುದಿದ್ದರೆ, ಆ ಮೊತ್ತದ ಇಂದಿನ ಮೌಲ್ಯವನ್ನು 1480ರಿಂದ ಮೊದಲೇ ಕಳೆದು B2ಕ್ಕೆ ಹಾಕಬೇಕು. ಏಕೆಂದರೆ ಕಾಲ್ ಹಿಡಿದವನಿಗೆ ಆ ಹಣ ಸಿಗುವುದಿಲ್ಲ, ಆದರೆ ಆ ದಿನ ಷೇರಿನ ಬೆಲೆ ಸರಿಸುಮಾರು ಅಷ್ಟೇ ಇಳಿಯುತ್ತದೆ. ಹತ್ತು ರೂಪಾಯಿ ಕಳೆದರೆ ನಮ್ಮ ಕಾಲ್ ಸುಮಾರು ಐದು ರೂಪಾಯಿ ಅಗ್ಗವಾಗುತ್ತದೆ, N(d1) 0.52 ಎಂದು ಮೊದಲೇ ಹೇಳಿದ್ದಂತೆ.